ಮೂರು ಮನೆ, ಒಂದೇ ಫ್ಯಾನು

‘ಈ ಫ್ಯಾನ್ ಹಾಕಿಸಿ ಅಕ್ಕಾ, ತಿಂಗಳಿಗೆ 15 ಯೂನಿಟ್ ಉಳಿಯುತ್ತೆ’ ಎಂದು ಅಂಗಡಿಯವರು ಹೇಳಿದರೆ ಅದು ಸುಳ್ಳಲ್ಲ. ಹಳೆಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. 45 ವ್ಯಾಟ್ ಉಳಿತಾಯ, ದಿನಕ್ಕೆ 12 ಗಂಟೆ, 30 ದಿನ: ಗುಣಿಸಿದರೆ 16 ಯೂನಿಟ್ ಬರುತ್ತದೆ. ಕೈಬಿಟ್ಟು ಲೆಕ್ಕ ಹಾಕಿದರೂ 15. ಆದರೆ ಆ 15 ಯೂನಿಟ್ಟಿಗೆ ಎಷ್ಟು ರೂಪಾಯಿ? ಅದನ್ನು ಅಂಗಡಿಯವರು ಹೇಳಲಾರರು. ಏಕೆಂದರೆ ಉತ್ತರ ಇರುವುದು ಫ್ಯಾನಿನಲ್ಲಲ್ಲ, ನಿಮ್ಮ ಮನೆಯ ಮೀಟರಿನಲ್ಲಿ.

ಕರ್ನಾಟಕದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಲೆಕ್ಕ ಹೆಚ್ಚಿನ ಮನೆಗಳಿಗೆ ಹೀಗಿದೆ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿದ್ದಿರೋ ಅದಕ್ಕೆ ಶೇ 10 ಸೇರಿಸಿದರೆ ನಿಮ್ಮ ಉಚಿತ ಮಿತಿ. ಮಿತಿ ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ಹಣ. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ಲು ನಿಮ್ಮದೇ. ಯೂನಿಟ್ ದರ ತೆರಿಗೆ ಸೇರಿ 6 ರೂಪಾಯಿಗಿಂತ ತುಸು ಹೆಚ್ಚೇ ಬೀಳುತ್ತದೆ. ಲೆಕ್ಕದ ಅನುಕೂಲಕ್ಕೆ ಇಲ್ಲಿ 6 ರೂಪಾಯಿ ಎಂದೇ ಇಟ್ಟುಕೊಳ್ಳೋಣ.

ಈಗ ಒಂದೇ ಕಟ್ಟಡದ ಮೂರು ಮನೆಗಳನ್ನು ಊಹಿಸಿಕೊಳ್ಳಿ. ಮೂವರೂ 3,000 ರೂಪಾಯಿ ಕೊಟ್ಟು ಅದೇ ಫ್ಯಾನು ತರಲು ಹೊರಟಿದ್ದಾರೆ.

ಮೇಲ್ಮಹಡಿಯ ಮನೆಯ ಉಚಿತ ಮಿತಿ 88 ಯೂನಿಟ್, ಬಳಕೆ 70. ಹೊಸ ಫ್ಯಾನು ಬಂದರೆ ಬಳಕೆ 55ಕ್ಕೆ ಇಳಿಯುತ್ತದೆ, ಬಿಲ್ಲು ಮಾತ್ರ ಆಗಲೂ ಸೊನ್ನೆ, ಈಗಲೂ ಸೊನ್ನೆ. ವಿದ್ಯುತ್ ಉಳಿದದ್ದು ನಿಜ, ಅದರ ಲಾಭ ಸಬ್ಸಿಡಿ ಕೊಡುವ ಸರ್ಕಾರದ ಬೊಕ್ಕಸಕ್ಕೆ. ಈ ಮನೆಯವರ ಕಿಸೆಗೆ ಒಂದು ಪೈಸೆಯೂ ಬರುವುದಿಲ್ಲ.

ನಡುವಿನ ಮನೆಯ ಮಿತಿ 121, ಬಳಕೆ 140. ಹೆಚ್ಚುವರಿ 19 ಯೂನಿಟ್ಟಿಗೆ ತಿಂಗಳಿಗೆ 114 ರೂಪಾಯಿ ಕಟ್ಟುತ್ತಾರೆ. ಇಲ್ಲಿ ಒಂದು ಎಡವಟ್ಟು ಸುಲಭವಾಗಿ ಆಗುತ್ತದೆ. 114 ರೂಪಾಯಿಯನ್ನು 140ರಿಂದ ಭಾಗಿಸಿ, ‘ನಮಗೆ ಯೂನಿಟ್ಟಿಗೆ 81 ಪೈಸೆ ಬೀಳುತ್ತೆ, 15 ಉಳಿಸಿದರೆ 12 ರೂಪಾಯಿ ಸಿಕ್ಕೀತು, ಬಿಡು’ ಎಂದು ಕೈಚೆಲ್ಲಿಬಿಡುತ್ತೇವೆ. ಆದರೆ ಉಳಿತಾಯವಾಗುವುದು ಉಚಿತ ಯೂನಿಟ್ಟುಗಳಿಂದಲ್ಲ, ಮಿತಿಯ ಆಚೆಗಿನ, ಆರಾರು ರೂಪಾಯಿಯ ಯೂನಿಟ್ಟುಗಳಿಂದ. ಹಾಗಾಗಿ ಉಳಿಯುವುದು 12 ಅಲ್ಲ, 90 ರೂಪಾಯಿ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇನ್ನೊಂದು ಯೂನಿಟ್ ಹೆಚ್ಚಾದರೆ ಅಥವಾ ಕಡಿಮೆಯಾದರೆ ಬಿಲ್ಲು ಎಷ್ಟು ಬದಲಾಗುತ್ತದೆ? ಅರ್ಥಶಾಸ್ತ್ರದ ಪಠ್ಯಗಳು ಇದನ್ನು ಸೀಮಾಂತ ವೆಚ್ಚ ಎನ್ನುತ್ತವೆ. ಸೀಮೆಯ ಅಂಚಿನಲ್ಲಿ ನಿಂತು ಮುಂದಿನ ಒಂದು ಹೆಜ್ಜೆಯನ್ನಷ್ಟೇ ಅಳೆಯುವುದು. ಮೇಲ್ಮಹಡಿಯಲ್ಲಿ ಆ ಹೆಜ್ಜೆಗೆ ಸೊನ್ನೆ, ನಡುವಿನ ಮನೆಯಲ್ಲಿ 6 ರೂಪಾಯಿ.

ಕೆಳಮನೆಯಲ್ಲಿ ಆ ಹೆಜ್ಜೆ ಪ್ರಪಾತಕ್ಕೇ ಇಡುವಂಥದ್ದು. ಅವರ ಮಿತಿ 187, ಬೇಸಿಗೆಯ ತಿಂಗಳಿನ ಬಳಕೆ 205. 200 ದಾಟಿದ್ದರಿಂದ ಪೂರ್ತಿ 205 ಯೂನಿಟ್ಟಿನ 1,230 ರೂಪಾಯಿ, ಜೊತೆಗೆ ನಿಗದಿತ ಶುಲ್ಕವೂ ಸೇರಿ ಬರುತ್ತದೆ. ಅದೇ 200ಕ್ಕೆ ನಿಂತಿದ್ದರೆ 13 ಯೂನಿಟ್ಟಿಗೆ 78 ರೂಪಾಯಿ ಸಾಕಿತ್ತು. ಆ 201ನೇ ಯೂನಿಟ್ ಒಂದರ ಬೆಲೆಯೇ ಸಾವಿರ ರೂಪಾಯಿ ಮೀರಿತು! ಹೊಸ ಫ್ಯಾನು ಬಂದು ಬಳಕೆ 190ಕ್ಕೆ ಇಳಿದರೆ ಬಿಲ್ಲು 18 ರೂಪಾಯಿ. ಒಂದೇ ತಿಂಗಳಲ್ಲಿ 1,200 ರೂಪಾಯಿ ಉಳಿತಾಯ, ಫ್ಯಾನಿನ ಹಣ ಒಂದೇ ಬೇಸಿಗೆಗೆ ವಾಪಸ್ಸು.

ಹಾಗಾದರೆ ಕೆಳಮನೆಯವರು ಇವತ್ತೇ ಅಂಗಡಿಗೆ ಹೋಗಬೇಕೇ? ಸ್ವಲ್ಪ ತಡೆಯಿರಿ. ಅವರ ಬಚ್ಚಲಲ್ಲಿ 2,000 ವ್ಯಾಟಿನ ಗೀಸರ್ ಇದೆ. ಅದನ್ನು ದಿನಕ್ಕೆ 10 ನಿಮಿಷ ಮೊದಲೇ ಆರಿಸಿದರೆ ತಿಂಗಳಿಗೆ 10 ಯೂನಿಟ್ ಉಳಿಯುತ್ತದೆ, ಖರ್ಚು ಏನೂ ಇಲ್ಲ. ಬಳಕೆ 195ಕ್ಕೆ ಬಂತು, ಬಿಲ್ಲು 48 ರೂಪಾಯಿಗೆ ಇಳಿಯಿತು. ಅಲ್ಲಿಂದ ಮುಂದೆ ಫ್ಯಾನು ಹಾಕಿಸಿದರೆ ಉಳಿಯುವುದು ಹೆಚ್ಚೆಂದರೆ ಆ 48 ರೂಪಾಯಿ. ಈಗಷ್ಟೇ ತಿಂಗಳಿಗೆ 1,200 ಬಾಳುತ್ತಿದ್ದ ಫ್ಯಾನು ಗೀಸರಿನ ಒಂದು ಸ್ವಿಚ್ಚಿನಿಂದ 48ಕ್ಕೆ ಕುಸಿಯಿತು. ಫ್ಯಾನು ಬದಲಾಗಲಿಲ್ಲ. ಅದನ್ನು ಯಾವುದರ ಪಕ್ಕದಲ್ಲಿಟ್ಟು ನೋಡಿದೆವು ಎಂಬುದು ಬದಲಾಯಿತು.

ಇದರೊಳಗೇ ಎರಡನೆಯ ಮಾತೂ ಅಡಗಿದೆ. ಯಾವ ಖರ್ಚನ್ನೂ ‘ಮಾಡಿದರೆ ಲಾಭ, ಬಿಟ್ಟರೆ ಏನೂ ಇಲ್ಲ’ ಎಂದು ತೂಗುವಂತಿಲ್ಲ. ಅದೇ ಹಣಕ್ಕೆ, ಅದೇ ಕೆಲಸಕ್ಕೆ ಇದ್ದ ಇನ್ನೊಂದು ಒಳ್ಳೆಯ ದಾರಿಯನ್ನು ಬಿಟ್ಟಿರುತ್ತೇವೆ. ಹಾಗೆ ಬಿಟ್ಟುಕೊಟ್ಟದ್ದೇ ಅವಕಾಶ ವೆಚ್ಚ. ಅದಕ್ಕೆ ರಸೀತಿ ಸಿಗುವುದಿಲ್ಲ, ಆದ್ದರಿಂದಲೇ ಲೆಕ್ಕದಿಂದ ಜಾರಿಹೋಗುತ್ತದೆ.

ನಡುವಿನ ಮನೆಗೆ ಮರಳೋಣ. ಫ್ಯಾನು ವರ್ಷದಲ್ಲಿ ಎಂಟು ತಿಂಗಳು ತಿರುಗುತ್ತದೆ ಎಂದರೂ ತಿಂಗಳಿಗೆ 90ರಂತೆ 720 ರೂಪಾಯಿ ಉಳಿಯಿತು. 3,000 ಹಾಕಿದರೆ ನಾಲ್ಕು ವರ್ಷ ಚಿಲ್ಲರೆಯಲ್ಲಿ ಗಿಟ್ಟಿತು ಎನ್ನಿಸುತ್ತದೆ. ಆದರೆ ಈ ಮನೆಯವರು ಬಳೆ ಅಡವಿಟ್ಟು ಶೇ 12ರ ಬಡ್ಡಿಗೆ ಸಾಲ ತಂದಿದ್ದಾರೆ. ಅದೇ 3,000 ರೂಪಾಯಿಯನ್ನು ಸಾಲಕ್ಕೆ ಕಟ್ಟಿದ್ದರೆ ವರ್ಷಕ್ಕೆ 360 ರೂಪಾಯಿ ಬಡ್ಡಿ ತಪ್ಪುತ್ತಿತ್ತು. ಆ ಬಡ್ಡಿಯನ್ನೂ ಫ್ಯಾನಿನ ತಲೆಗೆ ಕಟ್ಟಿ, ವರ್ಷವರ್ಷ 720 ಕಳೆಯುತ್ತ ಹೋದರೆ ಹಣ ಗಿಟ್ಟಲು ಆರು ವರ್ಷಕ್ಕಿಂತ ತುಸು ಹೆಚ್ಚೇ ಬೇಕು. ಅಷ್ಟರಲ್ಲಿ ಫ್ಯಾನಿನ ವಾರಂಟಿ ಮುಗಿದಿರಲೂಬಹುದು. ಚೆನ್ನಾಗಿ ತಿರುಗುತ್ತಿರುವ ಹಳೆಯ ಫ್ಯಾನನ್ನು ಇಳಿಸುವುದಕ್ಕಿಂತ ಬಳೆ ಬಿಡಿಸಿಕೊಳ್ಳುವುದೇ ಇಲ್ಲಿ ಮೇಲು.

ಹಳೆಯ ಫ್ಯಾನು ಸುಟ್ಟುಹೋಗಿದ್ದರೆ ಮಾತ್ರ ಲೆಕ್ಕ ಪೂರಾ ತಿರುಗುತ್ತದೆ. ಆಗ ಹೇಗೂ ಒಂದು ಫ್ಯಾನು ತರಲೇಬೇಕು. ಮಾಮೂಲಿ ಫ್ಯಾನಿಗೆ 1,800, ಬಿಎಲ್‌ಡಿಸಿಗೆ 3,000 ಎಂದಿದ್ದರೆ ನಿರ್ಧಾರದ ಬೆಲೆ 3,000 ಅಲ್ಲ, ನಡುವಿನ 1,200 ರೂಪಾಯಿ. ಬಡ್ಡಿ ಸೇರಿಸಿದರೂ ಅದು ಎರಡು ವರ್ಷದೊಳಗೆ ತೀರುತ್ತದೆ. ಹಳೆಯ ಫ್ಯಾನಿಗೆ ಹಿಂದೆ ಎಷ್ಟು ಕೊಟ್ಟಿದ್ದೆವು ಎಂಬುದು ಎರಡೂ ಲೆಕ್ಕದಲ್ಲಿ ಬರುವುದೇ ಇಲ್ಲ. ಆ ಹಣ ಯಾವ ದಾರಿ ಹಿಡಿದರೂ ವಾಪಸ್ಸು ಬರುವುದಲ್ಲ.

ಈ ಲೆಕ್ಕ ಎಡವುವುದು ಎಲ್ಲಿ? ಫ್ಯಾನನ್ನು ಯಾವಾಗಲೂ ನಿಧಾನಕ್ಕೆ ತಿರುಗಿಸುವವರ ಮನೆಯಲ್ಲಿ, ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ, ಹಳೆಯ ಫ್ಯಾನೂ 75 ವ್ಯಾಟ್ ಎಳೆಯುವುದಿಲ್ಲ. ಅಲ್ಲಿ ಉಳಿತಾಯ 15 ಯೂನಿಟ್ ಮುಟ್ಟದು. ಅತಿಥಿಗಳು ಬಂದಾಗಷ್ಟೇ ತಿರುಗುವ ಕೋಣೆಯ ಫ್ಯಾನಿಗೂ ಅಷ್ಟೇ. ಜೊತೆಗೆ ಸೆಕೆಯ ರಾತ್ರಿ ಮಗು ನೆಮ್ಮದಿಯಾಗಿ ಮಲಗಿದ್ದಕ್ಕೆ ಮೀಟರಿನಲ್ಲಿ ಅಂಕಿ ಇಲ್ಲ. ಆ ನೆಮ್ಮದಿಗೆ ಎಷ್ಟು ಕೊಡಬಹುದು ಎಂಬುದನ್ನು ಮನೆಯವರೇ ಹೇಳಬೇಕು.

ನಿಮ್ಮದು ಈ ಮೂರರಲ್ಲಿ ಯಾವ ಮನೆ ಎಂದು ತಿಳಿಯಲು ಕಳೆದ ಬಿಲ್ಲು ಸಾಕು. ಅದರಲ್ಲಿ ನಿಮ್ಮ ಮಿತಿ ಎಷ್ಟೆಂದು ನೋಡಿಕೊಳ್ಳಿ. ರೀಡಿಂಗ್ ತೆಗೆದು 20 ದಿನವಾದ ಮೇಲೆ ಮೀಟರಿನ ಅಂಕಿಯಿಂದ ಬಿಲ್ಲಿನಲ್ಲಿರುವ ಕೊನೆಯ ಅಂಕಿ ಕಳೆದು, ಒಂದೂವರೆಯಿಂದ ಗುಣಿಸಿ. ಉತ್ತರ 200ರ ಆಸುಪಾಸು ಬಂದರೆ ಉಳಿದ ಹತ್ತು ದಿನ ಕಣ್ಣಿಡಬೇಕಾದದ್ದು ಗೀಸರಿನ ಸ್ವಿಚ್ಚಿನ ಮೇಲೆ. ಮಿತಿಗಿಂತ ಬಹಳ ಕೆಳಗೇ ಉಳಿದಿದ್ದರೆ, ಅಂಗಡಿಯವರ 15 ಯೂನಿಟ್ ಎಷ್ಟೇ ನಿಜವಾಗಿರಲಿ, ನಿಮ್ಮ 3,000 ರೂಪಾಯಿಗೆ ಬೇರೆ ಕೆಲಸ ಕಾದಿದೆ.