ಪಿಎಂ-ಕಿಸಾನ್: ಅಪ್ಪನ ತೋಟ ಹೆಸರಿಗೆ ಬಂದ ಮಕ್ಕಳಲ್ಲಿ ಯಾರು ಅರ್ಹರು, ಅರ್ಜಿ ಹೇಗೆ?

"ಐದು ಎಕರೆ ಮೇಲಿದ್ರೆ ಬರಲ್ವಂತೆ?" ಅಂತ ಮೂಡಿಗೆರೆ ಕಡೆ ಈಗಲೂ ಕೇಳ್ತಾರೆ. ಆ ಎರಡು ಹೆಕ್ಟೇರ್ ಮಿತಿ 2019ರಲ್ಲೇ ಹೋಯ್ತು. ಈಗ ತಡೆಯೋದು ತಾರೀಖು. 2019ರ ಫೆಬ್ರವರಿ 1ರ ನಂತರ ನಿಮ್ಮ ಹೆಸರಿಗೆ ಬಂದ ಜಮೀನಿಗೆ ವರ್ಷದ ₹6,000 ಸಿಗಲ್ಲ. ಮಾಲೀಕರು ತೀರಿಕೊಂಡು ವಾರಸಾಗಿ ಬಂದಿದ್ದರೆ ಮಾತ್ರ ವಿನಾಯಿತಿ.

ಕಳಸದ ಮೂರು ಎಕರೆ ಕಾಫಿ ತೋಟ ಅಂದ್ಕೊಳ್ಳಿ. 2022ರಲ್ಲಿ ಅಪ್ಪ ದಾನಪತ್ರ ಮಾಡಿಕೊಟ್ಟಿದ್ರೆ ಮಗ ಅನರ್ಹ. ಅದೇ ವರ್ಷ ಅಪ್ಪ ತೀರಿಕೊಂಡು ಪೌತಿ ಖಾತೆ ಆಗಿದ್ರೆ ಅರ್ಹ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆ ಮಾಡಿಸಿ. ಪಹಣಿಯಲ್ಲಿ ಹೆಸರು ಬಂದ ಮೇಲೆ ಫ್ರೂಟ್ಸ್ ಐಡಿ, ಆಮೇಲೆ pmkisan.gov.in ನಲ್ಲಿ ನೋಂದಣಿ, ಇ-ಕೆವೈಸಿ. ಕಳೆದ ವರ್ಷ ಆದಾಯ ತೆರಿಗೆ ಕಟ್ಟಿದ್ದರೆ ಅರ್ಜಿ ಹಾಕೋದೇ ಬೇಡ, ಬಂದ ಹಣ ವಾಪಸ್ ಕಟ್ಟಬೇಕಾಗುತ್ತೆ.