ಪಿಟಿಇ ಪರೀಕ್ಷೆ: ಮೈಕ್ ಮುಂದೆ 40 ಸೆಕೆಂಡು, ಮಾತು ನಿಂತರೆ ಅಂಕವೂ ನಿಂತಂತೆ

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಓದೋಕೆ ಅಥವಾ ಕೆಲಸಕ್ಕೆ ಹೋಗಬೇಕು ಅನ್ನೋ ಮಕ್ಕಳು ಮನೆಯಲ್ಲಿದ್ದರೆ ಪಿಟಿಇ ಅನ್ನೋ ಹೆಸರು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಪಿಯರ್ಸನ್ ಸಂಸ್ಥೆ ನಡೆಸುವ ಇಂಗ್ಲಿಷ್ ಪರೀಕ್ಷೆ ಇದು. ಒಂದು ಸಲ ಬರೆಯೋಕೆ ಸಾವಿರಾರು ರೂಪಾಯಿ ಬೇಕು. ಅಂಕ ಸಾಲದಿದ್ದರೆ ಮತ್ತೆ ಅಷ್ಟೇ ದುಡ್ಡು ಕಟ್ಟಬೇಕು.

ಇಂಗ್ಲಿಷ್ ಚೆನ್ನಾಗಿಯೇ ಬರುವ ಹುಡುಗರೂ ಇದರ ಮಾತಿನ ಭಾಗದಲ್ಲಿ ಎಡವುತ್ತಾರೆ. ಪೇಟೆ ಬೀದಿಯ ಅಂಗಡಿಯವರೊಬ್ಬರ ಮಗನದ್ದೂ ಇದೇ ಕಥೆ. ಬಿ.ಇ. ಮುಗಿಸಿದ್ದಾನೆ, ಬೆಂಗಳೂರಿನ ಕಂಪನಿಯಲ್ಲಿ ದಿನವೂ ಇಂಗ್ಲಿಷಲ್ಲೇ ಮಾತಾಡ್ತಾನೆ. ಆದರೂ ಮೊದಲ ಸಲ ಮಾತಿನ ಅಂಕ ಕೈಕೊಟ್ಟಿತು. "ಇವನಿಗೇ ಬರಲಿಲ್ಲ ಅಂದ್ರೆ ಇನ್ಯಾರಿಗೆ ಬರುತ್ತೆ?" ಅಂತ ಅವರ ತಂದೆ ಕೇಳಿದರು. ಹುಡುಗನನ್ನು ಕೂರಿಸಿಕೊಂಡು ವಿಚಾರಿಸಿದಾಗ ತಿಳಿದದ್ದಿಷ್ಟು: ತೊಂದರೆ ಇಂಗ್ಲಿಷಿನದ್ದಲ್ಲ. ಮಾತಿನ ನಡುವೆ ತಡೆದು ತಡೆದು ಯೋಚಿಸುವ ಅಭ್ಯಾಸದ್ದು.

ಎದುರಿಗೆ ಮನುಷ್ಯರಿಲ್ಲ

ಈ ಪರೀಕ್ಷೆಯಲ್ಲಿ ಎದುರು ಕೂತು ಪ್ರಶ್ನೆ ಕೇಳುವವರು ಇರೋದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರಬೇಕು, ಮೈಕ್‌ಗೆ ಮಾತಾಡಬೇಕು. ಅಂಕ ಲೆಕ್ಕ ಹಾಕುವುದು ಮುಖ್ಯವಾಗಿ ಕಂಪ್ಯೂಟರೇ. ಮನುಷ್ಯನಾದರೆ ನೀವು ತಡವರಿಸಿದಾಗ ತಲೆಯಾಡಿಸಿ "ಹೇಳಿ, ಹೇಳಿ" ಅಂತಾನೆ. ಯಂತ್ರ ಹಾಗಲ್ಲ. ಸುಮಾರು ಮೂರು ಸೆಕೆಂಡು ಸದ್ದಿಲ್ಲ ಅಂದರೆ ಉತ್ತರ ಮುಗಿಯಿತು ಅಂತ ತಿಳಿದು ಮೈಕ್ ಮುಚ್ಚಿಬಿಡುತ್ತದೆ. ಮತ್ತೆ ತೆರೆಯುವ ಅವಕಾಶ ಇಲ್ಲ.

ಹೆಚ್ಚು ಜನ ಎಡವುವುದು ಎರಡು ಪ್ರಶ್ನೆಗಳಲ್ಲಿ. ಒಂದು ಡಿಸ್ಕ್ರೈಬ್ ಇಮೇಜ್. ತೆರೆಯ ಮೇಲೆ ಗ್ರಾಫ್, ನಕ್ಷೆ ಅಥವಾ ಚಿತ್ರ ಬರುತ್ತದೆ. ನೋಡೋಕೆ 25 ಸೆಕೆಂಡು, ವಿವರಿಸೋಕೆ 40 ಸೆಕೆಂಡು. ಇನ್ನೊಂದು ರೀಟೆಲ್ ಲೆಕ್ಚರ್. ಒಂದು, ಒಂದೂವರೆ ನಿಮಿಷದ ಪಾಠ ಒಂದೇ ಸಲ ಕೇಳಿಸುತ್ತದೆ. ಆಮೇಲೆ ತಯಾರಿಗೆ 10 ಸೆಕೆಂಡು, ಹೇಳೋಕೆ ಅದೇ 40 ಸೆಕೆಂಡು. ಎರಡರಲ್ಲೂ "ಬೀಪ್" ಶಬ್ದ ಆದ ಮೇಲೆ ಮಾತು ಶುರು ಮಾಡಬೇಕು. ಅದಕ್ಕೆ ಮೊದಲು ಆಡಿದ್ದು ರೆಕಾರ್ಡ್ ಆಗೋದಿಲ್ಲ.

ಅಂಕ ಮೂರು ಲೆಕ್ಕದಲ್ಲಿ ಬರುತ್ತದೆ: ಏನು ಹೇಳಿದಿರಿ, ಎಷ್ಟು ಸರಾಗವಾಗಿ ಹೇಳಿದಿರಿ, ಉಚ್ಚಾರಣೆ ಎಷ್ಟು ಸ್ಪಷ್ಟ. ವಿಷಯಕ್ಕೆ ಸೊನ್ನೆ ಬಂದರೆ ಉಳಿದೆರಡಕ್ಕೂ ಅಂಕ ಇಲ್ಲ. ಹಾಗಂತ ಎಲ್ಲವನ್ನೂ ಹೇಳಲು ಹೋಗಿ ತಡವರಿಸಿದರೆ ಸರಾಗತೆಯ ಅಂಕ ಹೋಗುತ್ತದೆ. ನಮ್ಮ ಹುಡುಗ ಕಳೆದುಕೊಂಡದ್ದು ಇದನ್ನೇ.

ಚಿತ್ರ ಬಂದಾಗ ಏನು ಮಾಡಬೇಕು

ಅಭ್ಯಾಸಕ್ಕೆ ಅಂತ ನಾವೇ ಒಂದು ಗ್ರಾಫ್ ಮಾಡಿಕೊಳ್ಳೋಣ. ಒಂದು ಪಟ್ಟಣದ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಅನ್ನೋದು ಅದರ ಶೀರ್ಷಿಕೆ. ಬಸ್ಸಿನಲ್ಲಿ 45%, ದ್ವಿಚಕ್ರ ವಾಹನದಲ್ಲಿ 30%, ಕಾರಿನಲ್ಲಿ 15%, ಸೈಕಲ್ಲಿನಲ್ಲಿ 10%.

ಆ ಹುಡುಗ ಇದನ್ನು ಮೊದಲ ಸಲ ಹೇಗೆ ಹೇಳಿದ ಗೊತ್ತೇ? ಗ್ರಾಫ್ ಬಗ್ಗೆ ಎರಡು ವಾಕ್ಯ ಚೆನ್ನಾಗಿ ಹೇಳಿದ. ಆಮೇಲೆ "ಫಾರ್ಟಿ... ಸಾರಿ, ಥರ್ಟಿ... ಅಂ..." ಅಂತ ನಿಂತ. ತಪ್ಪನ್ನು ತಿದ್ದಲು ವಾಕ್ಯವನ್ನು ಮೊದಲಿಂದ ಶುರು ಮಾಡಿದ. ಜನ ಬಸ್ಸು ಯಾಕೆ ಹತ್ತುತ್ತಾರೆ ಅಂತ ತನ್ನ ಅಭಿಪ್ರಾಯವನ್ನೂ ಸೇರಿಸಿದ. ಅಷ್ಟರಲ್ಲಿ 40 ಸೆಕೆಂಡು ಮುಗಿದಿತ್ತು. ಸೈಕಲ್ಲು, ಕಾರು ಎರಡೂ ಬಾಕಿ.

25 ಸೆಕೆಂಡಿನಲ್ಲಿ ಹುಡುಕಬೇಕಾದದ್ದು ನಾಲ್ಕೇ ಸಂಗತಿ. ಶೀರ್ಷಿಕೆ ಏನು, ಅತಿ ಹೆಚ್ಚು ಯಾವುದು, ಅತಿ ಕಡಿಮೆ ಯಾವುದು, ಒಂದು ಹೋಲಿಕೆ ಏನು. ಕೊನೆಗೆ ಒಟ್ಟಾರೆ ಒಂದು ಮಾತು. ನಾಲ್ಕೈದು ವಾಕ್ಯ ಆದರೆ ಸಾಕು. ಆಡುವ ಮಾತಿನಲ್ಲಿ ಅದು ಹೀಗಿರಬಹುದು:

"ದಿ ಬಾರ್ ಗ್ರಾಫ್ ಶೋಸ್ ಹೌ ಪೀಪಲ್ ಟ್ರಾವೆಲ್ ಟು ವರ್ಕ್ ಇನ್ ಎ ಟೌನ್. ದಿ ಹೈಯೆಸ್ಟ್ ಫಿಗರ್ ಈಸ್ ಫಾರ್ ಬಸ್, ಅಟ್ ಫಾರ್ಟಿ ಫೈವ್ ಪರ್ಸೆಂಟ್. ಟೂ ವೀಲರ್ಸ್ ಕಮ್ ನೆಕ್ಸ್ಟ್ ವಿತ್ ಥರ್ಟಿ ಪರ್ಸೆಂಟ್, ವೈಲ್ ಬೈಸಿಕಲ್ ಈಸ್ ದಿ ಲೋಯೆಸ್ಟ್ ಅಟ್ ಓನ್ಲಿ ಟೆನ್ ಪರ್ಸೆಂಟ್. ಬಸ್ ಯೂಸರ್ಸ್ ಆರ್ ತ್ರೀ ಟೈಮ್ಸ್ ಆಸ್ ಮೆನಿ ಆಸ್ ಕಾರ್ ಯೂಸರ್ಸ್, ಹೂ ಆರ್ ಫಿಫ್ಟೀನ್ ಪರ್ಸೆಂಟ್. ಓವರಾಲ್, ಬಸ್ ಅಂಡ್ ಟೂ ವೀಲರ್ಸ್ ಟುಗೆದರ್ ಕ್ಯಾರಿ ತ್ರೀ ಕ್ವಾರ್ಟರ್ಸ್ ಆಫ್ ದಿ ಪೀಪಲ್."

ಇದು ಅರವತ್ತು ಚಿಲ್ಲರೆ ಪದ. ಅವಸರವಿಲ್ಲದೆ ಓದಿದರೂ ಸುಮಾರು 35 ಸೆಕೆಂಡಿಗೆ ಮುಗಿಯುತ್ತದೆ. ಕಾರಣ ಹೇಳಿಲ್ಲ, ಅಭಿಪ್ರಾಯ ಹೇಳಿಲ್ಲ, ಕಂಡದ್ದನ್ನಷ್ಟೇ ಹೇಳಿದೆ.

ಇಲ್ಲಿ ಒಂದು ಹಳ್ಳ ಇದೆ. ಬಸ್ಸು ಮೊದಲ ಸ್ಥಾನದಲ್ಲಿದೆ ಅಂತ "ಮೆಜಾರಿಟಿ" ಅಂದುಬಿಟ್ಟರೆ ತಪ್ಪು. 45% ಅಂದರೆ ಅರ್ಧಕ್ಕಿಂತ ಕಡಿಮೆ. ಇಂತಹ ತಪ್ಪು ವಿಷಯದ ಅಂಕಕ್ಕೆ ಪೆಟ್ಟು. ಇನ್ನು ಬಾಯಿ ತಪ್ಪಿ ಥರ್ಟಿ ಬದಲು ಥರ್ಟೀನ್ ಅಂದಿರಿ ಅಂದುಕೊಳ್ಳಿ. ನಿಲ್ಲಬೇಡಿ, ಮುಂದಿನ ವಾಕ್ಯಕ್ಕೆ ಹೋಗಿ. ಒಂದು ಸಂಖ್ಯೆ ತಪ್ಪಿದರೆ ಸ್ವಲ್ಪ ನಷ್ಟ. ಅದನ್ನು ತಿದ್ದಲು ಹೋಗಿ ವಾಕ್ಯ ಮುರಿದರೆ ಸರಾಗತೆಯೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಪಾಠ ಕೇಳಿ ಹೇಳೋದು

ರೀಟೆಲ್ ಲೆಕ್ಚರ್‌ನಲ್ಲಿ ಅಂಕ ಕೇಳುವಿಕೆಗೂ ಸೇರುತ್ತದೆ, ಮಾತಿಗೂ ಸೇರುತ್ತದೆ. ಹೀಗಾಗಿ ಇಲ್ಲಿ ಬಿದ್ದರೆ ಎರಡು ಕಡೆ ಪೆಟ್ಟು. ಪರೀಕ್ಷಾ ಕೇಂದ್ರದಲ್ಲಿ ಒರೆಸಿ ಮತ್ತೆ ಬರೆಯಬಹುದಾದ ಹಾಳೆ ಮತ್ತು ಪೆನ್ ಕೊಡುತ್ತಾರೆ. ಎಲ್ಲವನ್ನೂ ಬರೆದುಕೊಳ್ಳಲು ಹೋದವರಿಗೆ ಪಾಠದ ದಾರಿಯೇ ತಪ್ಪುತ್ತದೆ.

ಉದಾಹರಣೆಗೆ ಜೇನುಹುಳುವಿನ ಕುಣಿತದ ಮೇಲೆ ಪಾಠ ಬಂತು ಅಂತಿಟ್ಟುಕೊಳ್ಳಿ. ಮಕರಂದ ಕಂಡ ಜೇನುಹುಳು ಗೂಡಿಗೆ ಬಂದು ಎಂಟರ ಆಕಾರದಲ್ಲಿ ಕುಣಿಯುತ್ತದೆ. ಆ ಕುಣಿತದ ಕೋನ ಸೂರ್ಯನಿಗೆ ಹೋಲಿಸಿ ಹೂವು ಯಾವ ದಿಕ್ಕಿಗಿದೆ ಅಂತ ತಿಳಿಸುತ್ತದೆ. ಎಷ್ಟು ಹೊತ್ತು ಮೈ ಕುಲುಕುತ್ತದೆ ಅನ್ನೋದರ ಮೇಲೆ ದೂರ ಗೊತ್ತಾಗುತ್ತದೆ. ಇದನ್ನು ಬಿಡಿಸಿ ಹೇಳಿದವರು ಕಾರ್ಲ್ ಫೋನ್ ಫ್ರಿಶ್. ಅವರಿಗೆ 1973ರಲ್ಲಿ ನೊಬೆಲ್ ಬಂತು.

ಹಾಳೆಯ ಮೇಲೆ ಬೇಕಾದದ್ದು ಇಷ್ಟೇ: ಬೀ ಡಾನ್ಸ್, ಏಂಗಲ್ ಮತ್ತು ಡೈರೆಕ್ಷನ್, ಟೈಮ್ ಮತ್ತು ಡಿಸ್ಟೆನ್ಸ್, ಫ್ರಿಶ್, 73 ನೊಬೆಲ್. ಒಂದರ ಕೆಳಗೊಂದು ಬರೆಯಿರಿ, ಕೇಳಿದ ಕ್ರಮದಲ್ಲೇ ಬರೆಯಿರಿ. ಆ 10 ಸೆಕೆಂಡಿನಲ್ಲಿ ಹೊಸದಾಗಿ ಏನೂ ಬರೆಯಬೇಡಿ. ಮೊದಲ ವಾಕ್ಯ ಹೇಗೆ ಶುರು ಮಾಡೋದು ಅಂತ ಮಾತ್ರ ನೋಡಿಕೊಳ್ಳಿ. ಆಮೇಲೆ ಒಂದೊಂದು ಸಾಲಿಗೆ ಒಂದೊಂದು ವಾಕ್ಯ. ಫ್ರಿಶ್ ಹೆಸರು ಸರಿಯಾಗಿ ಕೇಳಿಸಲಿಲ್ಲವೇ? "ಎ ಸೈಂಟಿಸ್ಟ್" ಅಂದು ಮುಂದಕ್ಕೆ ಹೋಗಿ. ಹೆಸರು ಬಿಟ್ಟರೆ ಹೋಗುವುದು ಸ್ವಲ್ಪ, ಕುಣಿತಕ್ಕೂ ದಿಕ್ಕಿಗೂ ಇರುವ ಸಂಬಂಧ ಬಿಟ್ಟರೆ ಪಾಠವೇ ಹೋದಂತೆ.

ಕೆಲವರು ಬೇಗ ಆಗುತ್ತೆ ಅಂತ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ತಪ್ಪೇನಿಲ್ಲ, ಆದರೆ ಮಾತಾಡುವಾಗ ತಲೆಯೊಳಗೆ ಅನುವಾದ ಮಾಡಬೇಕಾಗುತ್ತದೆ. "ಅಂ..." ಹುಟ್ಟೋದು ಅಲ್ಲೇ. ಕೇಳಿದ ಇಂಗ್ಲಿಷ್ ಪದವನ್ನೇ ಮೊದಲ ಮೂರ್ನಾಲ್ಕು ಅಕ್ಷರದಲ್ಲಿ ಗೀಚಿಕೊಂಡರೆ ಆ ಪದ ನೇರವಾಗಿ ಬಾಯಿಗೆ ಬರುತ್ತದೆ.

ಬಾಯಿಪಾಠ ನಡೆಯೋದಿಲ್ಲ

"ಈ ಆರು ಸಾಲು ಉರು ಹೊಡೀರಿ, ಯಾವ ಚಿತ್ರ ಬಂದರೂ ನಡೆಯುತ್ತೆ" ಅನ್ನುವ ತರಬೇತಿಯವರಿದ್ದಾರೆ. ಮೊದಲ ವಾಕ್ಯದ ಆರಂಭ ಗೊತ್ತಿರುವುದು ಒಳ್ಳೆಯದೇ. ಆದರೆ ಉತ್ತರವೆಲ್ಲ "ಈ ಚಿತ್ರದಲ್ಲಿ ಅನೇಕ ಮಹತ್ವದ ಮಾಹಿತಿ ಇದೆ" ಅನ್ನೋ ಧಾಟಿಯಲ್ಲೇ ಇದ್ದರೆ ಅದರಲ್ಲಿ ವಿಷಯವೇ ಇರೋದಿಲ್ಲ. 2025ರ ಆಗಸ್ಟ್‌ನಿಂದ ಇಂತಹ ಉತ್ತರಗಳ ವಿಷಯವನ್ನು ಮನುಷ್ಯರೂ ಪರಿಶೀಲಿಸುವ ವ್ಯವಸ್ಥೆ ಬಂದಿದೆ. ಬಸ್, ಸೈಕಲ್, ನಲವತ್ತೈದು ಅನ್ನುವ ಆ ಚಿತ್ರದ್ದೇ ಪದಗಳು ಪ್ರತಿ ವಾಕ್ಯದಲ್ಲೂ ಇರಬೇಕು.

ನಮ್ಮ ನಾಲಿಗೆಯ ಅಭ್ಯಾಸ

ಕನ್ನಡದವರ ಇಂಗ್ಲಿಷಿಗೆ ಒಂದೆರಡು ಗುರುತು ಉಂಟು. ಪದದ ಕೊನೆಗೆ "ಉ" ಸೇರಿಸುತ್ತೇವೆ: ಗ್ರಾಫು, ಬಸ್ಸು, ರೋಡು. "ಎ"ಯಿಂದ ಶುರುವಾಗುವ ಪದಕ್ಕೆ ಮುಂದೆ "ಯ" ಬರುತ್ತದೆ: ಯೆವೆರಿ. "ಓನ್ಲಿ" ಅನ್ನೋದು "ವೋನ್ಲಿ" ಆಗುತ್ತದೆ. ಹುಟ್ಟೂರಿನ ಧಾಟಿ ಇದ್ದರೆ ತೊಂದರೆ ಇಲ್ಲ, ವಿದೇಶಿಯರ ಹಾಗೆ ಎಳೆದು ಮಾತಾಡಬೇಕಾಗಿಲ್ಲ. ಆದರೆ ಇಲ್ಲದ ಶಬ್ದ ಸೇರಿಸಿದರೆ ಕಂಪ್ಯೂಟರ್‌ಗೆ ಪದ ಹಿಡಿಯುವುದು ಕಷ್ಟ. ಮೈಕ್ ತೀರಾ ಬಾಯಿಗೆ ಅಂಟಿಕೊಂಡರೂ ಉಸಿರಿನ ಸದ್ದು ಸೇರಿ ಹೀಗೇ ಆಗುತ್ತದೆ. ಪರೀಕ್ಷೆ ಶುರುವಾಗುವ ಮೊದಲು ಮೈಕ್ ಪರೀಕ್ಷಿಸಲು ಅವಕಾಶ ಇರುತ್ತದೆ. ಆಗಲೇ ರೆಕಾರ್ಡ್ ಮಾಡಿ ಕೇಳಿ ಸರಿ ಮಾಡಿಕೊಳ್ಳಬೇಕು.

ಮನೆಯಲ್ಲೇ ಪರೀಕ್ಷಿಸಿ

ಇದಕ್ಕೆ ದುಡ್ಡು ಬೇಡ. ಮೊಬೈಲಿನ ವಾಯ್ಸ್ ರೆಕಾರ್ಡರ್ ತೆಗೆಯಿರಿ, ಪತ್ರಿಕೆಯಲ್ಲಿ ಬಂದ ಯಾವುದಾದರೂ ಗ್ರಾಫ್ ಮುಂದಿಡಿ. 25 ಸೆಕೆಂಡು ನೋಡಿ, 40 ಸೆಕೆಂಡು ಮಾತಾಡಿ. ಆಮೇಲೆ ತೆರೆಯ ಮೇಲಿನ ಧ್ವನಿ ಅಲೆ ನೋಡಿ. ಮಾತು ನಿಂತ ಜಾಗದಲ್ಲಿ ಗೆರೆ ಚಪ್ಪಟೆ ಇರುತ್ತದೆ. ವಾಕ್ಯ ಮುಗಿದ ಕಡೆ ಸಣ್ಣ ಚಪ್ಪಟೆ ಇದ್ದರೆ ಸಹಜ. ವಾಕ್ಯದ ನಡುವೆ ಒಂದು ಸೆಕೆಂಡಿಗಿಂತ ಉದ್ದ ಇದ್ದರೆ ತೊಂದರೆ ಅಲ್ಲೇ ಇದೆ.

ಎಷ್ಟು ಸಲ "ಅಂ" ಅಂದಿರಿ, ಎಷ್ಟು ಸಲ ವಾಕ್ಯ ಹಿಂದಕ್ಕೆ ತಿರುಗಿಸಿದಿರಿ ಅಂತ ಮನೆಯವರೇ ಎಣಿಸಬಹುದು. ಅದಕ್ಕೆ ಇಂಗ್ಲಿಷ್ ಬರಬೇಕು ಅಂತೇನಿಲ್ಲ. ಆ ಅಂಗಡಿಯವರು ಮಗ ವಾರಾಂತ್ಯಕ್ಕೆ ಊರಿಗೆ ಬಂದಾಗ ರಾತ್ರಿ ಬಾಗಿಲು ಹಾಕಿದ ಮೇಲೆ ಇದನ್ನೇ ಮಾಡಿದರು. ಹುಡುಗ ಮಾತಾಡುತ್ತಿದ್ದ, ಅಪ್ಪ ಕೈಬರಹದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೀಟು ಹಾಕುತ್ತಿದ್ದರು. ಮೊದಲ ದಿನ ಒಂದು ಉತ್ತರಕ್ಕೆ ಒಂಬತ್ತು ಗೀಟು. ಒಂದೋ ಎರಡೋ ಗೀಟಿಗೆ ಇಳಿಯುವ ತನಕ ಮತ್ತೆ ಪರೀಕ್ಷೆಗೆ ದುಡ್ಡು ಕಟ್ಟುವುದು ಬೇಡ ಅಂತ ಅಪ್ಪ, ಮಗ ಇಬ್ಬರೂ ತೀರ್ಮಾನಿಸಿದ್ದಾರೆ.