ಆಷಾಢದಲ್ಲೇ ಕಾರ್ತಿಕದ ಬುಕಿಂಗ್

ಮದುವೆ ಫೋಟೋಗ್ರಾಫರ್‌ಗಳ ಇನ್‌ಸ್ಟಾಗ್ರಾಂ ಪುಟಗಳು ವೈಶಾಖದಲ್ಲಿ ತುಂಬಿ ತುಳುಕುತ್ತವೆ, ಆಷಾಢ ಬಂತೆಂದರೆ ಒಣಗುತ್ತವೆ. ಆಗಬೇಕಾದದ್ದು ಇದರ ತಿರುಗುಮುರುಗು. ಮೇ ತಿಂಗಳಲ್ಲಿ ಹಾಕಿದ ಧಾರೆಯ ಫೋಟೋಗೆ ಲೈಕ್ ಒತ್ತುವವರು ಆ ಮದುವೆಗೆ ಬಂದಿದ್ದ ನೆಂಟರು. ಕಾರ್ತಿಕದಲ್ಲಿ ಮಗಳ ಮದುವೆ ಇರುವವರು ಆಗಿನ್ನೂ ಜಾತಕ ನೋಡುತ್ತಿರುತ್ತಾರೆ.

ಮನೆಯವರ ಕ್ರಮ ಸಾಮಾನ್ಯವಾಗಿ ಹೀಗೆ: ಮಾತುಕತೆ ಮುಗಿದ ಮೇಲೆ ಮುಹೂರ್ತ, ಆಮೇಲೆ ಛತ್ರ, ಅದರ ಹಿಂದೆಯೇ ಅಡುಗೆಯವರು ಮತ್ತು ಫೋಟೋದವರು. ಛತ್ರ ಸಿಕ್ಕಿದ ವಾರವೇ ಫೋನುಗಳು ಓಡಾಡುತ್ತವೆ. ಪೋಸ್ಟ್ ಕಣ್ಣಿಗೆ ಬೀಳಬೇಕಾದದ್ದು ಆಗ. ಆದ್ದರಿಂದ ಕಾರ್ತಿಕ, ಮಾರ್ಗಶಿರದ ಮದುವೆಗಳಿಗೆ ಆಷಾಢ, ಶ್ರಾವಣದಲ್ಲಿ ಪೋಸ್ಟ್ ಹಾಕಬೇಕು. ಮಾಘದಿಂದ ವೈಶಾಖದವರೆಗಿನವಕ್ಕೆ ದೀಪಾವಳಿಯಿಂದ ಧನುರ್ಮಾಸದವರೆಗೆ. ಇಂಗ್ಲಿಷ್ ಕ್ಯಾಲೆಂಡರ್ ನೆಚ್ಚಿಕೊಂಡರೆ ಎಡವಟ್ಟಾಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಆಷಾಢ ಜುಲೈ ಮಧ್ಯಕ್ಕೆ ಜರುಗಿದೆ, ತುಳಸಿ ಹಬ್ಬ ನವೆಂಬರ್ ಮೂರನೇ ವಾರಕ್ಕೆ ಹೋಗಿದೆ. ಗೋಡೆಯ ಪಂಚಾಂಗವೇ ಇಲ್ಲಿ ಮಾರ್ಕೆಟಿಂಗ್ ಪುಸ್ತಕ.

ಹಾಸನದ ಒಬ್ಬ ಫೋಟೋಗ್ರಾಫರ್ ಎಂದುಕೊಳ್ಳಿ. ಬೇಸಿಗೆಯಲ್ಲಿ ತೆಗೆದ ಮದುವೆಗಳಲ್ಲಿ ಮೂರನ್ನು, ಆ ಮನೆಯವರ ಒಪ್ಪಿಗೆ ಕೇಳಿ, ಎತ್ತಿಡುತ್ತಾರೆ. ಆಷಾಢದ ಮೊದಲ ವಾರ ಒಂದು ಮದುವೆಯನ್ನು ಆದಿಯಿಂದ ಅಂತ್ಯದವರೆಗೆ ತೋರಿಸುತ್ತಾರೆ: ಹಿಂದಿನ ಸಂಜೆಯ ಆರತಕ್ಷತೆ, ಕಾಶಿಯಾತ್ರೆ, ಅಂತರಪಟ, ಧಾರೆ, ಮಾಂಗಲ್ಯಧಾರಣೆ, ಊಟದ ಪಂಕ್ತಿ, ಕೊನೆಗೆ ಅಚ್ಚಾದ ಆಲ್ಬಂನ ಎರಡು ಹಾಳೆ. ಹತ್ತು ಮದುವೆಗಳ ಹತ್ತು ಸುಂದರ ಮುಖಗಳಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಟ್ಟದ ಮೇಲಿನ ಪ್ರೀವೆಡ್ಡಿಂಗ್ ಚಿತ್ರ ಯಾರು ಬೇಕಾದರೂ ತೆಗೆದಾರು. ಛತ್ರದ ಎಲ್‌ಇಡಿ ಬೆಳಕು ನೇರಳೆ ಬಣ್ಣ ಚೆಲ್ಲುತ್ತಿರುವಾಗ, ನೆಂಟರೆಲ್ಲ ಮೊಬೈಲ್ ಎತ್ತಿ ಅಡ್ಡ ನಿಂತಿರುವಾಗ ತಾಳಿ ಕಟ್ಟುವ ಗಳಿಗೆ ಸಿಕ್ಕಿತೇ ಎಂಬುದನ್ನೇ ಹುಡುಗಿಯ ತಾಯಿ ನೋಡುವುದು.

ಚಿತ್ರದ ಕೆಳಗಿನ ಬರಹದಲ್ಲಿ ಊರಿನ ಹೆಸರು ಇರಲೇಬೇಕು. "ಹಾಸನ, ಸಕಲೇಶಪುರ ಸುತ್ತಮುತ್ತ ಕಾರ್ತಿಕ, ಮಾರ್ಗಶಿರದ ಮದುವೆಗಳಿಗೆ ಬುಕಿಂಗ್ ಶುರು. ಮುಹೂರ್ತದ ದಿನ, ಛತ್ರ, ಆರತಕ್ಷತೆ ಯಾವಾಗ ಎಂದು ವಾಟ್ಸಾಪ್ ಮಾಡಿ." ಇಷ್ಟರ ಜೊತೆಗೆ ಎಷ್ಟರಿಂದ ಶುರು ಎಂಬ ದರ, ಅದರಲ್ಲಿ ವಿಡಿಯೋ, ಆಲ್ಬಂ ಸೇರಿದೆಯೇ ಎಂಬ ಒಂದು ಸಾಲು. ದರ ಮುಚ್ಚಿಟ್ಟರೆ "ರೇಟ್ ಎಷ್ಟು?" ಎಂದಷ್ಟೇ ಕೇಳಿ ಮಾಯವಾಗುವವರೇ ಹೆಚ್ಚು. ಅದೇ ಪೋಸ್ಟನ್ನು ಪುಟದ ಮೇಲ್ಭಾಗಕ್ಕೆ ಪಿನ್ ಮಾಡಿದರೆ ಶ್ರಾವಣದಲ್ಲಿ ಬರುವವರಿಗೂ ಮೊದಲು ಅದೇ ಕಾಣುತ್ತದೆ.

ಒಳ್ಳೆಯ ಮುಹೂರ್ತಕ್ಕೆ ನಾಲ್ಕು ಮನೆಯವರು ಒಟ್ಟಿಗೆ ಕೇಳುವುದುಂಟು. ಅಡ್ವಾನ್ಸ್ ಬಂದವರಿಗೆ ದಿನ ಕೊಟ್ಟು, ತುಂಬಿದ ದಿನಾಂಕಗಳನ್ನು ಸ್ಟೋರಿಯಲ್ಲಿ ಹಾಕುವುದು ನೇರ ದಾರಿ. ಖಾಲಿ ಇದ್ದರೂ "ಎರಡೇ ದಿನ ಉಳಿದಿದೆ" ಎಂದರೆ ಸಣ್ಣ ಊರಿನಲ್ಲಿ ಬೇಗ ಬಯಲಾಗುತ್ತದೆ.

ಪೋಸ್ಟ್ ಫಲಿಸಿತೇ ಎಂದು ತಿಳಿಯಲು ಒಂದು ನೋಟ್‌ಬುಕ್ ಸಾಕು. ವಿಚಾರಿಸಿದ ದಿನ ಒಂದು ಕಡೆ, ಮದುವೆಯ ದಿನ ಇನ್ನೊಂದು ಕಡೆ ಬರೆಯಿರಿ. ಅಂತರ ಮೂರು ನಾಲ್ಕು ತಿಂಗಳಿದ್ದರೆ ಹೊತ್ತು ಸರಿಯಾಗಿದೆ. ಎಲ್ಲವೂ ಎರಡು ಮೂರು ವಾರದ್ದಾಗಿದ್ದರೆ, ಬೇರೆಯವರು ಸಿಗದೆ ನಿಮ್ಮ ಬಳಿ ಬಂದವರು ಅವರು. ಮುಂದಿನ ಸಲ ಪೋಸ್ಟನ್ನು ಒಂದು ತಿಂಗಳು ಹಿಂದಕ್ಕೆ ಎಳೆಯಬೇಕು.